ಕ್ರ್ಯಾಂಕ್–ನಿಕೋಲ್ಸನ್ ಕೈಕೊಟ್ಟಾಗ: ಸಿಡಿಯುವ ಉತ್ತರ, ಇಳಿಯದ ದೋಷ, ಗರಗಸದ ಹಲ್ಲು

ಶಾಖ ಸಮೀಕರಣವನ್ನು ಕಂಪ್ಯೂಟರಿನಲ್ಲಿ ಬಿಡಿಸುವವರು ಬೇಗನೆ ಕ್ರ್ಯಾಂಕ್–ನಿಕೋಲ್ಸನ್ ವಿಧಾನಕ್ಕೆ ಬಂದು ನಿಲ್ಲುತ್ತಾರೆ. ಜಾನ್ ಕ್ರ್ಯಾಂಕ್ ಮತ್ತು ಫಿಲಿಸ್ ನಿಕೋಲ್ಸನ್ 1947ರಲ್ಲಿ ಪ್ರಕಟಿಸಿದ ಈ ವಿಧಾನದ ಒಳಗಿರುವುದು ನಮಗೆ ಗೊತ್ತಿರುವ ತ್ರಾಪಿಜ್ಯ ನಿಯಮವೇ: ಹಳೆಯ ಕಾಲದ ಇಳಿಜಾರು ಮತ್ತು ಹೊಸ ಕಾಲದ ಇಳಿಜಾರು, ಎರಡರ ಸರಾಸರಿ ತೆಗೆದುಕೊಂಡು ಮುಂದಕ್ಕೆ ಹೆಜ್ಜೆ ಇಡುವುದು. ಹೊಸ ಬೆಲೆಗಳು ಸಮೀಕರಣದ ಎರಡೂ ಬದಿಯಲ್ಲಿ ಬರುವುದರಿಂದ ಪ್ರತಿ ಹೆಜ್ಜೆಗೂ ಒಂದು ಮ್ಯಾಟ್ರಿಕ್ಸ್ ಬಿಡಿಸಬೇಕು. ಆ ಶ್ರಮಕ್ಕೆ ಪ್ರತಿಯಾಗಿ ಎರಡು ಭರವಸೆ ಸಿಗುತ್ತವೆ. ಕಾಲಹೆಜ್ಜೆ ಎಷ್ಟೇ ದೊಡ್ಡದಿದ್ದರೂ ಲೆಕ್ಕ ಸ್ಥಿರವಾಗಿರುತ್ತದೆ. ಹೆಜ್ಜೆಯನ್ನು ಅರ್ಧ ಮಾಡಿದರೆ ಕಾಲದಿಂದ ಬರುವ ದೋಷ ಕಾಲುಭಾಗಕ್ಕೆ ಇಳಿಯುತ್ತದೆ.

ಭರವಸೆ ಎರಡೂ ನಿಜ. ಆದರೂ ಪರದೆಯ ಮೇಲೆ ಉತ್ತರ ಸಿಡಿಯುತ್ತದೆ, ದೋಷ ಇಳಿಯುವ ಬದಲು ಏರುತ್ತದೆ, ತಣ್ಣಗಾಗಬೇಕಾದ ಸರಳಿನ ತುದಿಯಲ್ಲಿ ಗರಗಸದ ಹಲ್ಲುಗಳು ಏಳುತ್ತವೆ. ಈ ಮೂರು ಲಕ್ಷಣಗಳಲ್ಲಿ ಮೊದಲನೆಯದು ನಿಮ್ಮ ಕೋಡಿನ ತಪ್ಪು. ಎರಡನೆಯದು ಬಹಳಷ್ಟು ಸಲ ಅಳೆಯುವ ರೀತಿಯ ತಪ್ಪು. ಮೂರನೆಯದು ವಿಧಾನದ ಹುಟ್ಟುಗುಣ. ಯಾವುದು ಯಾವುದೆಂದು ತಿಳಿಯದೆ ಕೈ ಹಾಕಿದರೆ ಸರಿಯಿದ್ದುದೂ ಕೆಡುತ್ತದೆ. ಆದ್ದರಿಂದ ಮೊದಲು ಫೈಲಿನ ಒಂದು ಪ್ರತಿ ತೆಗೆದಿಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಉದ್ದಕ್ಕೂ ಒಂದೇ ಉದಾಹರಣೆ ಬಳಸುತ್ತೇನೆ: `u_t = u_xx`, ಉದ್ದ 1, ಎರಡೂ ತುದಿಯಲ್ಲಿ ಉಷ್ಣತೆ 0. ಒಂದು ಮೀಟರ್ ಅಲ್ಯೂಮಿನಿಯಂ ಸರಳು ಎಂದುಕೊಂಡರೆ ಇಲ್ಲಿನ ಕಾಲಮಾನದ ಒಂದು ಘಟಕ ಸುಮಾರು ಹತ್ತು ಸಾವಿರ ಸೆಕೆಂಡು. ಹಾಗಾಗಿ `t = 0.1` ಎಂದರೆ ಹದಿನೇಳು ನಿಮಿಷದ ಆಸುಪಾಸು. ಜಾಲದ ಅಂತರ `h`, ಕಾಲಹೆಜ್ಜೆ `dt`, ಮತ್ತು `r = dt/h²`.

## ಲಕ್ಷಣ 1: ಸಂಖ್ಯೆಗಳು ಬೆಳೆದು ಸಿಡಿಯುತ್ತವೆ

ಕೆಲವೇ ಹೆಜ್ಜೆಗಳಲ್ಲಿ ಉಷ್ಣತೆ ಲಕ್ಷ, ಕೋಟಿ ದಾಟಿ ಕೊನೆಗೆ `nan` ಎಂದು ಕಾಣಿಸಿದರೆ `dt` ಕಡಿಮೆ ಮಾಡಲು ಹೋಗಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಮುಂದಕ್ಕೆ ನೇರವಾಗಿ ನೆಗೆಯುವ ಸರಳ ವಿಧಾನದಲ್ಲಿ `r` ಅರ್ಧವನ್ನು ಮೀರಿದರೆ ಲೆಕ್ಕ ಸಿಡಿಯುತ್ತದೆ, ಅಲ್ಲಿ ಆ ಔಷಧ ಸರಿ. ಇಲ್ಲಿ ಅದು ರೋಗವನ್ನು ಮುಚ್ಚಿಡುತ್ತದೆ. ಸ್ಥಿರ ಗುಣಾಂಕಗಳಿರುವ, ರೇಖೀಯವಾದ ಶಾಖ ಸಮೀಕರಣದಲ್ಲಿ ಕ್ರ್ಯಾಂಕ್–ನಿಕೋಲ್ಸನ್ ಸಿಡಿಯುವುದು ಸಾಧ್ಯವೇ ಇಲ್ಲ. ಸಿಡಿದರೆ ನೀವು ಬರೆದಿರುವುದು ಕ್ರ್ಯಾಂಕ್–ನಿಕೋಲ್ಸನ್ ಅಲ್ಲ.

ಹಾಗೆ ಖಚಿತವಾಗಿ ಹೇಳಲು ಕಾರಣವಿದೆ. ಸರಳಿನ ಮೇಲಿನ ಯಾವ ಉಷ್ಣತೆಯ ಹರಹನ್ನೂ ಸೈನ್ ಅಲೆಗಳಾಗಿ ಬಿಡಿಸಬಹುದು. ಒಂದು ಹೆಜ್ಜೆಯಲ್ಲಿ ಪ್ರತಿ ಅಲೆಯೂ ತನ್ನದೇ ಒಂದು ಸಂಖ್ಯೆಯಿಂದ ಗುಣಿಸಲ್ಪಡುತ್ತದೆ. `k`ನೆಯ ಅಲೆಗೆ ಆ ಗುಣಕ ಹೀಗಿದೆ:

```
z = 4 r sin²(kπh/2)
g = (1 - z/2) / (1 + z/2)
```

`z` ಯಾವಾಗಲೂ ಧನ ಸಂಖ್ಯೆ. ಆದ್ದರಿಂದ ಅಂಶದ ಗಾತ್ರ ಛೇದಕ್ಕಿಂತ ಯಾವಾಗಲೂ ಚಿಕ್ಕದು, `r` ಹತ್ತಾಗಲಿ ಹತ್ತು ಸಾವಿರವಾಗಲಿ `g` ಎಂಬುದು −1 ಮತ್ತು 1ರ ನಡುವೆಯೇ ಇರುತ್ತದೆ. ಷರತ್ತಿಲ್ಲದ ಸ್ಥಿರತೆ ಎಂಬ ದೊಡ್ಡ ಮಾತಿನ ಅರ್ಥ ಇಷ್ಟೇ.

ಈ ಸೂತ್ರವನ್ನೇ ಪರೀಕ್ಷೆಯ ಸಾಧನವಾಗಿಸಬಹುದು. ಆರಂಭದ ಉಷ್ಣತೆಯಾಗಿ ಒಂದು ಸೈನ್ ಅಲೆ ಕೊಟ್ಟು ಒಂದೇ ಹೆಜ್ಜೆ ನಡೆಸಿ, ಹೊಸ ಬೆಲೆಯನ್ನು ಹಳೆಯದರಿಂದ ಭಾಗಿಸಿ. ಎಲ್ಲ ಬಿಂದುಗಳಲ್ಲೂ ಒಂದೇ ಸಂಖ್ಯೆ ಬರಬೇಕು, ಅದು `g` ಆಗಿರಬೇಕು. ಅಂದಾಜು ಹೊಂದಾಣಿಕೆ ಸಾಲದು, ಹತ್ತು ಹನ್ನೆರಡು ಅಂಕಿಗಳವರೆಗೆ ತಾಳೆಯಾಗಬೇಕು. ಮಾದರಿ ಕೋಡ್ ಇಲ್ಲಿದೆ:

```python
import numpy as np
N = 10; h = 1/N; dt = 0.02; r = dt/h**2
x = np.linspace(0, 1, N+1)[1:-1]
I = np.eye(N-1)
T = 2*I - np.eye(N-1, k=1) - np.eye(N-1, k=-1)
A = I + 0.5*r*T
B = I - 0.5*r*T
for k in (1, 9):
    u = np.sin(k*np.pi*x)
    print(np.linalg.solve(A, B @ u) / u)
```

ಮೊದಲ ಸಾಲಿನಲ್ಲಿ ಒಂಬತ್ತು ಬಾರಿ 0.821681, ಎರಡನೆಯದರಲ್ಲಿ ಒಂಬತ್ತು ಬಾರಿ −0.592013 ಬರಬೇಕು. ನಿಮ್ಮ ಪ್ರೋಗ್ರಾಮಿಗೂ ಇದೇ `h`, ಇದೇ `dt` ಕೊಟ್ಟು ಒಂದು ಹೆಜ್ಜೆ ನಡೆಸಿ. ತಪ್ಪಿದ್ದರೆ ಬರುವ ಸಂಖ್ಯೆಯೇ ತಪ್ಪಿನ ಹೆಸರು ಹೇಳುತ್ತದೆ.

ಮೊದಲ ಅಲೆಗೆ 1.217 ಬಂದರೆ ಎಡಬದಿಯ ಮತ್ತು ಬಲಬದಿಯ ಮ್ಯಾಟ್ರಿಕ್ಸ್‌ಗಳು ಅದಲುಬದಲಾಗಿವೆ, ಅಥವಾ ಎರಡರಲ್ಲೂ ಚಿಹ್ನೆ ತಿರುಗಿದೆ. ಸಿಡಿಯುವ ಪ್ರೋಗ್ರಾಮುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಆಗ ಕಾಲ ಹಿಂದಕ್ಕೆ ಓಡುತ್ತಿರುತ್ತದೆ, ತಣ್ಣಗಾಗಬೇಕಾದ ಸರಳು ಕಾಯುತ್ತದೆ. 0.8042 ಬಂದರೆ ನೀವು ಮ್ಯಾಟ್ರಿಕ್ಸ್ ಬಿಡಿಸುತ್ತಲೇ ಇಲ್ಲ, ನೇರ ನೆಗೆತದ ಹಳೆಯ ಕೋಡೇ ಓಡುತ್ತಿದೆ. 0.8363 ಬಂದರೆ ಹೊಸ ಕಾಲದ ಇಳಿಜಾರನ್ನು ಮಾತ್ರ ಬಳಸುವ ಬ್ಯಾಕ್‌ವರ್ಡ್ ಆಯ್ಲರ್ ವಿಧಾನ ಬರೆದಿದ್ದೀರಿ. ಅದು ಸಿಡಿಯುವುದಿಲ್ಲ, ಆದರೆ ನಿಖರತೆ ಮೊದಲ ದರ್ಜೆಯದು, ಅಂದರೆ ಹೆಜ್ಜೆ ಅರ್ಧ ಮಾಡಿದರೆ ದೋಷ ಅರ್ಧಕ್ಕೆ ಮಾತ್ರ ಇಳಿಯುತ್ತದೆ. 0.6726 ಬಂದರೆ ಸರಾಸರಿಯ ಅರ್ಧವನ್ನು ಮರೆತಿದ್ದೀರಿ. ಇದು ಅಪಾಯಕಾರಿ, ಏಕೆಂದರೆ ಉತ್ತರ ನಯವಾಗಿಯೇ ಕಾಣುತ್ತದೆ, ಸರಳು ಮಾತ್ರ ಎರಡರಷ್ಟು ವೇಗದಲ್ಲಿ ತಣ್ಣಗಾಗುತ್ತದೆ. 0.7847 ಬಂದರೆ ಹತ್ತು ಬಿಂದುಗಳನ್ನು ಇಟ್ಟು ಹತ್ತು ಅಂತರಗಳಿವೆ ಎಂದುಕೊಂಡಿದ್ದೀರಿ. ಹತ್ತು ಕಂಬಗಳ ನಡುವೆ ಇರುವುದು ಒಂಬತ್ತೇ ಅಂತರ.

ತಪ್ಪು ತುದಿಯ ಬಿಂದುಗಳಲ್ಲಿ ಅತಿ ಹೆಚ್ಚಾಗಿದ್ದು ಒಳಕ್ಕೆ ಹೋದಂತೆ ಬೇಗ ಕುಗ್ಗುತ್ತಿದ್ದರೆ ಕೆಡುಕು ಗಡಿಯ ಸಾಲಿನಲ್ಲಿದೆ. ಅಂಥ ಕ್ರಮವಿಲ್ಲದೆ ಎಲ್ಲ ಬಿಂದುಗಳಲ್ಲೂ ಬೇರೆ ಬೇರೆ ಸಂಖ್ಯೆ ಬಂದರೆ ಮೂರು ಕರ್ಣಗಳ ಸಮೀಕರಣ ಬಿಡಿಸುವ ಥಾಮಸ್ ಕ್ರಮವನ್ನು ನೋಡಿ. ನಾವೇ ಬರೆದುಕೊಂಡ ಥಾಮಸ್ ಕ್ರಮ ಹಲವು ಸಲ ಕರ್ಣದ ಸಂಖ್ಯೆಗಳನ್ನು ಅಲ್ಲಿಯೇ ತಿದ್ದಿ ಬರೆಯುತ್ತದೆ. ಆಗ ಮೊದಲ ಹೆಜ್ಜೆ ಸರಿಯಾಗಿರುತ್ತದೆ, ಎರಡನೆಯ ಹೆಜ್ಜೆಗೆ ಕೆಟ್ಟ ಕರ್ಣ ಸಿಗುತ್ತದೆ. ನಾನು ಎರಡು ದಿನ ಕಳೆದುಕೊಂಡದ್ದು ಇಲ್ಲಿಯೇ: ಒಂದು ಹೆಜ್ಜೆಯ ಪರೀಕ್ಷೆ ಪಾಸಾಯಿತೆಂದು ಆ ಭಾಗದ ಕಡೆ ತಿರುಗಿಯೂ ನೋಡಿರಲಿಲ್ಲ. ಹಾಗಾಗಿ ಎರಡನೆಯ ಹೆಜ್ಜೆಯನ್ನೂ ಇದೇ ರೀತಿ ಭಾಗಿಸಿ ನೋಡಿ, ಮತ್ತೆ ಅದೇ 0.821681 ಬರಬೇಕು.

ತುದಿಗಳಿಗೆ ಶಾಖ ನಿರೋಧಕ ಸುತ್ತಿದ ಸರಳಾದರೆ ಇದಕ್ಕಿಂತ ಸುಲಭದ ಪರೀಕ್ಷೆ ಇದೆ. ಎಲ್ಲೆಡೆ 1 ಎಂದು ಆರಂಭಿಸಿ. ಒಳಗಿನ ಶಾಖ ಎಲ್ಲಿಗೂ ಹೋಗುವಂತಿಲ್ಲ, ಸಾವಿರ ಹೆಜ್ಜೆಯಾದ ಮೇಲೂ ಎಲ್ಲೆಡೆ 1 ಇರಬೇಕು.

## ಲಕ್ಷಣ 2: ಹೆಜ್ಜೆ ಅರ್ಧ ಮಾಡಿದರೂ ದೋಷ ಕಾಲುಭಾಗಕ್ಕೆ ಇಳಿಯುವುದಿಲ್ಲ

ಒಂದು ಹೆಜ್ಜೆಯ ಪರೀಕ್ಷೆ ಪಾಸಾಗಿದೆ, ಉತ್ತರ ನಯವಾಗಿದೆ, ಆದರೆ ಎರಡನೆಯ ದರ್ಜೆಯ ನಿಖರತೆ ಕಾಣಿಸುತ್ತಿಲ್ಲ. ಕೋಡಿಗೆ ಕೈ ಹಾಕುವ ಮುನ್ನ ಅಳತೆಗೋಲನ್ನೇ ಪರೀಕ್ಷಿಸಿ.

ಆರಂಭದಲ್ಲಿ `sin(πx)`, ಕೊನೆಯ ಕಾಲ 0.1 ಎಂದಿರಲಿ. ಸರಳಿನ ನಡುವಿನ ನಿಜವಾದ ಉಷ್ಣತೆ `exp(-0.1π²)`, ಅಂದರೆ 0.372708. `h = 0.1` ಇಟ್ಟುಕೊಂಡು `dt` ಮಾತ್ರ ಇಳಿಸುತ್ತಾ ಹೋದರೆ ಸಿಗುವುದು ಇದು:

| `dt` | ಲೆಕ್ಕದ ಉತ್ತರ | ನಿಜಕ್ಕಿಂತ ವ್ಯತ್ಯಾಸ |
|---|---|---|
| 0.02 | 0.374556 | 0.00185 |
| 0.01 | 0.375442 | 0.00273 |
| 0.005 | 0.375662 | 0.00295 |

ಹೆಜ್ಜೆ ಚಿಕ್ಕದಾದಂತೆ ದೋಷ ಏರುತ್ತಿದೆ! ಇದನ್ನು ನೋಡಿದವರಲ್ಲಿ ಅನೇಕರು ಸರಿಯಿರುವ ಪ್ರೋಗ್ರಾಮನ್ನು ಅಳಿಸಿ ಮತ್ತೆ ಬರೆಯಲು ಕೂರುತ್ತಾರೆ. ಆದರೆ ಇಲ್ಲಿ ಯಾವ ತಪ್ಪೂ ಇಲ್ಲ. ಜಾಲದ ಅಂತರ 0.1 ಆಗಿರುವುದರಿಂದ ಜಾಗದ ಕಡೆಯಿಂದ ಒಂದು ದೋಷ ಬರುತ್ತಿದೆ. `dt` ಸೊನ್ನೆಯಾದರೂ ಉತ್ತರ 0.375736ಕ್ಕೆ ಹೋಗಿ ನಿಲ್ಲುತ್ತದೆಯೇ ಹೊರತು 0.372708ಕ್ಕೆ ಬರುವುದಿಲ್ಲ. ಜಾಗದ ದೋಷ ಉತ್ತರವನ್ನು ಮೇಲಕ್ಕೆ ಎಳೆಯುತ್ತದೆ, ಕಾಲದ ದೋಷ ಕೆಳಕ್ಕೆ. ದೊಡ್ಡ ಹೆಜ್ಜೆಯಲ್ಲಿ ಎರಡೂ ಒಂದಿಷ್ಟು ಸರಿದೂಗಿ ಉತ್ತರ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸಿದ್ದವು.

ಕಾಲದ ನಿಖರತೆಯನ್ನು ಅಳೆಯಬೇಕಾದರೆ ನಿಜವಾದ ಉತ್ತರವನ್ನು ಬದಿಗಿಡಿ, ಅದೇ ಜಾಲದ ಮೇಲಿನ ಉತ್ತರಗಳನ್ನೇ ಒಂದಕ್ಕೊಂದು ಹೋಲಿಸಿ. ಮೊದಲೆರಡು ಉತ್ತರಗಳ ಅಂತರ 0.000886. ಮುಂದಿನ ಎರಡರ ಅಂತರ 0.000220. ಭಾಗಿಸಿದರೆ 4ರ ಹತ್ತಿರ. ಎರಡನೆಯ ದರ್ಜೆ ಇದೆ, ಕೋಡ್ ಆರೋಗ್ಯವಾಗಿದೆ. ಒಟ್ಟು ದೋಷ ಇಳಿಯಬೇಕೆಂದರೆ `h` ಇಳಿಸಬೇಕು. ಈ ಅನುಪಾತಕ್ಕೆ ನಿಜವಾದ ಉತ್ತರ ಗೊತ್ತಿರಬೇಕಿಲ್ಲ, ಹಾಗಾಗಿ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲದ ಸಮಸ್ಯೆಗೂ ಇದು ನಡೆಯುತ್ತದೆ.

ಅನುಪಾತ 4ರ ಬದಲು 2ರ ಬಳಿ ಬಂದರೆ ಆಗ ನಿಜವಾದ ತೊಂದರೆ ಇದೆ. ಎಲ್ಲೋ ಒಂದು ಕಡೆ ಸರಾಸರಿ ತಪ್ಪಿದೆ, ಒಂದು ಪದ ಹಳೆಯ ಕಾಲದಲ್ಲಿಯೇ ಉಳಿದುಕೊಂಡಿದೆ. ಮೊದಲು ಗಡಿಯನ್ನು ನೋಡಿ. ತುದಿಯ ಉಷ್ಣತೆ ಕಾಲದೊಡನೆ ಬದಲಾಗುತ್ತಿದ್ದರೆ ಬಲಬದಿಗೆ ಸೇರಬೇಕಾದದ್ದು ಹಳೆಯ ಮತ್ತು ಹೊಸ ಗಡಿ ಬೆಲೆಗಳ ಮೊತ್ತದ `r/2` ಪಟ್ಟು. ಅನೇಕರು ಹಳೆಯ ಬೆಲೆಯನ್ನೇ ಎರಡು ಬಾರಿ ಸೇರಿಸಿಬಿಡುತ್ತಾರೆ. ಗಡಿ 0 ಆಗಿರುವ ಪರೀಕ್ಷೆಗಳಲ್ಲಿ ಇದು ಎಂದಿಗೂ ಸಿಕ್ಕಿಬೀಳುವುದಿಲ್ಲ. ಆಮೇಲೆ ಶಾಖದ ಮೂಲದ ಪದ ನೋಡಿ. ಸರಳಿನೊಳಗೆ ವಿದ್ಯುತ್ತಿನಿಂದಲೋ ರಾಸಾಯನಿಕ ಕ್ರಿಯೆಯಿಂದಲೋ ಶಾಖ ಹುಟ್ಟುತ್ತಿದ್ದರೆ ಅದನ್ನೂ ಎರಡು ಕಾಲಗಳ ಸರಾಸರಿಯಾಗಿಯೋ ಹೆಜ್ಜೆಯ ನಡುಗಾಲದಲ್ಲಿಯೋ ತೆಗೆದುಕೊಳ್ಳಬೇಕು. ಇಂಥ ಒಂದು ಪದ ಹಳೆಯ ಕಾಲದಲ್ಲಿ ಉಳಿದರೂ ಇಡೀ ಲೆಕ್ಕ ಮೊದಲ ದರ್ಜೆಗೆ ಇಳಿಯುತ್ತದೆ.

ಅನುಪಾತ 4ರಲ್ಲೂ 2ರಲ್ಲೂ ನಿಲ್ಲದೆ ಅಡ್ಡಾದಿಡ್ಡಿ ಕುಣಿಯುತ್ತಿದ್ದರೆ ಲೂಪು ಎಲ್ಲಿ ನಿಲ್ಲುತ್ತದೆ ಎಂದು ನೋಡಿ. `while t < 0.1` ಎಂದು ಬರೆದು `t`ಗೆ 0.01 ಕೂಡಿಸುತ್ತಾ ಹೋದರೆ ಹತ್ತನೆಯ ಹೆಜ್ಜೆಯ ನಂತರ `t` 0.1ಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿಯುತ್ತದೆ. ಕಂಪ್ಯೂಟರು ಇನ್ನೊಂದು ಹೆಜ್ಜೆ ಇಟ್ಟೇಬಿಡುತ್ತದೆ. ಉತ್ತರ 0.3754ರ ಬದಲು 0.3404 ಆಗುತ್ತದೆ. ಹೆಜ್ಜೆಗಳನ್ನು ಪೂರ್ಣಾಂಕಗಳಲ್ಲಿ ಎಣಿಸಿ, ಕಾಲವನ್ನು `n*dt` ಎಂದು ಲೆಕ್ಕ ಹಾಕಿ.

## ಲಕ್ಷಣ 3: ಸರಳಿನ ತುದಿಯಲ್ಲಿ ಗರಗಸದ ಹಲ್ಲು

ಕಾದ ಸರಳಿನ ತುದಿಗಳನ್ನು ಒಮ್ಮೆಲೇ ಮಂಜುನೀರಿಗೆ ಅದ್ದಿದಂತೆ: ಆರಂಭದಲ್ಲಿ ಎಲ್ಲೆಡೆ 1, ಮರುಕ್ಷಣದಿಂದ ತುದಿಗಳು 0. `h = 0.01`, `dt = 0.005`. ಆಗ `r = 50`. ಲೆಕ್ಕ ಸಿಡಿಯುವುದಿಲ್ಲ, ಆದರೆ ತುದಿಗಳ ಬಳಿ ಉಷ್ಣತೆ ಒಂದು ಬಿಂದುವಿನಲ್ಲಿ ಮೇಲೆ, ಪಕ್ಕದಲ್ಲಿ ಕೆಳಗೆ, ಮತ್ತೆ ಮೇಲೆ. ಮುಂದಿನ ಹೆಜ್ಜೆಯಲ್ಲಿ ಹಲ್ಲುಗಳೆಲ್ಲ ತಲೆಕೆಳಗು. ಕೆಲವು ಕಡೆ ಸೊನ್ನೆಗಿಂತ ಕೆಳಗಿನ ಉಷ್ಣತೆ. ಮಂಜುನೀರಿಗಿಂತ ತಣ್ಣಗಾಗಲು ಸರಳಿಗೆ ದಾರಿಯೇ ಇಲ್ಲ.

ಇದಕ್ಕೆ ಕೋಡಿನಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ. `g`ಯ ಸೂತ್ರಕ್ಕೇ ಮರಳಿ. ಪಕ್ಕಪಕ್ಕದ ಬಿಂದುಗಳಲ್ಲಿ ಚಿಹ್ನೆ ಬದಲಿಸುವ ಅತಿ ಮೊನಚಾದ ಅಲೆಗೆ `z` ಹೆಚ್ಚುಕಡಿಮೆ `4r`, ಅಂದರೆ 200. ಆಗ `g` ಎಂದರೆ −99/101, ಸುಮಾರು −0.98. ಋಣಚಿಹ್ನೆಯಿಂದಾಗಿ ಹಲ್ಲು ಪ್ರತಿ ಹೆಜ್ಜೆಗೂ ಮಗುಚುತ್ತದೆ. ಗಾತ್ರ 0.98 ಆಗಿರುವುದರಿಂದ ಸಾಯಲು ಯುಗ ಹಿಡಿಯುತ್ತದೆ. ಇಪ್ಪತ್ತು ಹೆಜ್ಜೆ ಕಳೆದು `t = 0.1` ತಲುಪಿದಾಗಲೂ ಅದರಲ್ಲಿ ಮೂರನೇ ಎರಡು ಪಾಲು ಉಳಿದಿರುತ್ತದೆ. ನೂರರಲ್ಲೊಂದು ಭಾಗಕ್ಕೆ ಇಳಿಯಲು ಸುಮಾರು 230 ಹೆಜ್ಜೆ ಬೇಕು. ನಿಜವಾದ ಸರಳಿನಲ್ಲಿ ಇಂಥ ಮೊನಚು ಮೊದಲ ಹೆಜ್ಜೆ ಮುಗಿಯುವುದರೊಳಗೆ ಅಳಿಸಿಹೋಗಿರುತ್ತದೆ. ಸ್ಥಿರತೆಯ ಭರವಸೆ ಹೇಳಿದ್ದು ಅಲೆ ಬೆಳೆಯುವುದಿಲ್ಲ ಎಂದು ಮಾತ್ರ. ಬೇಗ ಸಾಯುತ್ತದೆ ಎಂದು ಅದು ಎಂದೂ ಹೇಳಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಋಣ ಉಷ್ಣತೆಗಳನ್ನು ಸೊನ್ನೆಗೆ ಕತ್ತರಿಸುವುದು, ಚಿತ್ರ ಬಿಡಿಸುವ ಮುನ್ನ ಪಕ್ಕದ ಬಿಂದುಗಳ ಸರಾಸರಿ ತೆಗೆದು ನಯಗೊಳಿಸುವುದು, ಇವೆರಡನ್ನೂ ಮಾಡಬೇಡಿ. ಕತ್ತರಿಸಿದರೆ ಸರಳಿಗೆ ಇಲ್ಲದ ಶಾಖ ಸೇರುತ್ತದೆ. ತುದಿಯಿಂದ ಹೊರಹೋಗುವ ಶಾಖವನ್ನು ಅಳೆಯುವವರು ಪಕ್ಕದ ಎರಡು ಬಿಂದುಗಳ ವ್ಯತ್ಯಾಸವನ್ನು `h`ನಿಂದ ಭಾಗಿಸುತ್ತಾರೆ. ಹಲ್ಲಿನ ಎತ್ತರ 0.02 ಆಗಿದ್ದರೂ 0.01ರಿಂದ ಭಾಗಿಸಿದಾಗ ಅದು 2 ಆಗಿ ನಿಲ್ಲುತ್ತದೆ. ಆ ಸಂಖ್ಯೆ ನಂಬಿ ಲೋಹದ ತುಂಡು ಎಷ್ಟು ಹೊತ್ತು ನೀರಿನಲ್ಲಿರಬೇಕು, ಯಾವಾಗ ಕೈಯಿಂದ ಮುಟ್ಟಬಹುದು ಎಂದು ನಿರ್ಧರಿಸಿದರೆ ಅನಾಹುತವಾದೀತು. ಹಲ್ಲು ಕಾಣುವಷ್ಟು ಕಾಲ ತುದಿಯ ಹತ್ತಿರದ ಯಾವ ಅಂಕಿಯನ್ನೂ ಹೊರಗೆ ಕೊಡಬಾರದು.

ಮೊದಲ, ಅಗ್ಗದ ಪರಿಹಾರ `dt` ಇಳಿಸುವುದು. `r` 1ಕ್ಕಿಂತ ಹೆಚ್ಚಿರದಿದ್ದರೆ ಈ ಸರಳಿನಲ್ಲಿ ಹೊಸ ಬೆಲೆಗಳು ಆರಂಭದ ಮತ್ತು ಗಡಿಯ ಬೆಲೆಗಳ ಮಿತಿಯನ್ನು ದಾಟುವುದಿಲ್ಲ ಎಂಬ ಖಾತರಿ ಇದೆ. ಆದರೆ ನಮ್ಮ ಜಾಲಕ್ಕೆ ಅದರರ್ಥ `dt` 0.0001ರ ಒಳಗಿರಬೇಕು, ಐವತ್ತು ಪಟ್ಟು ಹೆಚ್ಚು ಹೆಜ್ಜೆ. ನೇರ ನೆಗೆತದ ವಿಧಾನದ ಮಿತಿಗಿಂತ ಇದು ಎರಡರಷ್ಟು ಮಾತ್ರ. ಹಾಗಿದ್ದರೆ ಮ್ಯಾಟ್ರಿಕ್ಸ್ ಬಿಡಿಸಿದ್ದಾದರೂ ಯಾಕೆ?

ಒಳ್ಳೆಯ ಪರಿಹಾರವನ್ನು ರೋಲ್ಫ್ ರಾನಾಕರ್ 1984ರಲ್ಲಿ ಕೊಟ್ಟರು. ಮೊದಲ ಎರಡು ಹೆಜ್ಜೆಗಳನ್ನು ಮಾತ್ರ ಕ್ರ್ಯಾಂಕ್–ನಿಕೋಲ್ಸನ್ ಬದಲು ನಾಲ್ಕು ಅರ್ಧಹೆಜ್ಜೆಯ ಬ್ಯಾಕ್‌ವರ್ಡ್ ಆಯ್ಲರ್‌ನಿಂದ ನಡೆಸಿ, ಆಮೇಲೆ ಮಾಮೂಲಿ ದಾರಿಗೆ ಮರಳಿ. ಬ್ಯಾಕ್‌ವರ್ಡ್ ಆಯ್ಲರ್‌ನ ಅರ್ಧಹೆಜ್ಜೆ ಮೊನಚಾದ ಅಲೆಯನ್ನು 1/(1+2r)ರಿಂದ, ಇಲ್ಲಿ 1/101ರಿಂದ, ಗುಣಿಸುತ್ತದೆ. ನಾಲ್ಕು ಬಾರಿ ಗುಣಿಸಿದರೆ ಹತ್ತು ಕೋಟಿಯಲ್ಲಿ ಒಂದು ಪಾಲು ಉಳಿಯುತ್ತದೆ. ಹಲ್ಲು ಹುಟ್ಟುವ ಮೊದಲೇ ಹೋಯಿತು.

ಕೋಡ್ ಬರೆಯುವವರಿಗೆ ಇದರಲ್ಲಿ ಒಂದು ಉಚಿತ ಕೊಡುಗೆಯೂ ಇದೆ. ಅರ್ಧಹೆಜ್ಜೆಯ ಬ್ಯಾಕ್‌ವರ್ಡ್ ಆಯ್ಲರ್‌ಗೆ ಬೇಕಾದ ಮ್ಯಾಟ್ರಿಕ್ಸ್ ಈಗಾಗಲೇ ನಿಮ್ಮಲ್ಲಿರುವ `A`ಯೇ. ಬಲಬದಿಯಿಂದ `B` ತೆಗೆದರೆ ಸಾಕು:

```python
for n in range(steps):
    if n < 2:
        u = np.linalg.solve(A, u)
        u = np.linalg.solve(A, u)
    else:
        u = np.linalg.solve(A, B @ u)
```

ಗಡಿ 0 ಅಲ್ಲದಿದ್ದರೆ ಆ ಅರ್ಧಹೆಜ್ಜೆಗಳ ಬಲಬದಿಗೆ ಅವುಗಳ ಹೊಸ ಕಾಲದ ಗಡಿಬೆಲೆಯ `r/2` ಪಟ್ಟು ಸೇರಿಸುವುದನ್ನು ಮರೆಯಬೇಡಿ.

ಮೊದಲ ದರ್ಜೆಯ ವಿಧಾನ ಬೆರೆಸಿದರೆ ಎರಡನೆಯ ದರ್ಜೆ ಹೋಗುವುದಿಲ್ಲವೇ ಎಂಬ ಅನುಮಾನ ಸಹಜ. ಹೋಗುವುದಿಲ್ಲ. ಬ್ಯಾಕ್‌ವರ್ಡ್ ಆಯ್ಲರ್ ಒಂದು ಹೆಜ್ಜೆಯಲ್ಲಿ ಮಾಡುವ ದೋಷ `dt²`ರ ಪ್ರಮಾಣದ್ದು. ಅದು ಮೊದಲ ದರ್ಜೆಯಾಗುವುದು ಎಲ್ಲ ಹೆಜ್ಜೆಗಳ ದೋಷ ಕೂಡಿದಾಗ. `dt` ಎಷ್ಟೇ ಇಳಿದರೂ ನಾವು ಇಡುವುದು ನಾಲ್ಕೇ ಅರ್ಧಹೆಜ್ಜೆ, ಕೂಡಿದರೂ `dt²` ಆಗಿಯೇ ಉಳಿಯುತ್ತದೆ. ನಂಬಿಕೆ ಬಾರದಿದ್ದರೆ ಲಕ್ಷಣ 2ರ ಅನುಪಾತ ತೆಗೆದು ನೋಡಿ. ಆದರೆ ಸಮಸ್ಯೆಯ ನಡುವೆ ಗಡಿಯ ಉಷ್ಣತೆ ಮತ್ತೆ ಥಟ್ಟನೆ ಹಾರಿದರೆ ಆ ಕ್ಷಣದಲ್ಲೂ ನಾಲ್ಕು ಅರ್ಧಹೆಜ್ಜೆ ಮತ್ತೆ ಹಾಕಬೇಕು. ಆರಂಭದಲ್ಲಿ ಹಾಕಿದ್ದು ಹೊಸ ಹಲ್ಲನ್ನು ತಡೆಯದು.

## ಎಲ್ಲಿ ನಿಲ್ಲಬೇಕು

ಎರಡೂ ಹೆಜ್ಜೆಗಳಲ್ಲಿ 0.821681 ಬಂದು, ಅನುಪಾತ 4 ಬಂದು, ಅರ್ಧಹೆಜ್ಜೆಗಳ ನಂತರ ಹಲ್ಲೂ ಹೋದ ಮೇಲೆ ಉತ್ತರ ಪ್ರಯೋಗದ ಅಳತೆಗೆ ಹೊಂದದಿದ್ದರೆ ಕಾಲಹೆಜ್ಜೆಯ ಕೋಡನ್ನು ಇನ್ನು ಮುಟ್ಟಬೇಡಿ. ತಪ್ಪು ಬೇರೆಡೆ ಇದೆ: ಲೋಹದ ಶಾಖ ವಾಹಕತೆಯ ಅಂಕಿಯಲ್ಲಿ, ಘಟಕಗಳಲ್ಲಿ, ಇಲ್ಲವೇ ತುದಿ ನಿಜವಾಗಿಯೂ 0 ಆಗಿತ್ತೇ ಎಂಬುದರಲ್ಲಿ.

ವಾಹಕತೆ ಉಷ್ಣತೆಯೊಡನೆ ಬಹಳ ಬದಲಾಗುವುದಾದರೆ, ಅಥವಾ ವಸ್ತು ಕರಗುತ್ತಿದ್ದರೆ, ಮೇಲಿನ `g` ಸೂತ್ರ ಹಾಗೆಯೇ ಅನ್ವಯವಾಗುವುದಿಲ್ಲ, ಅದರ ಜೊತೆ ಬಂದ ಭರವಸೆಯೂ ಇಲ್ಲ. ಅಲ್ಲಿ ಸಿಡಿತ ಎಂದರೆ ಕೋಡಿನ ತಪ್ಪು ಎಂದು ಹೇಳಿದ ಮಾತೂ ನಡೆಯದು. ಸಂಖ್ಯಾತ್ಮಕ ವಿಧಾನ ಬಲ್ಲವರನ್ನು ಕೇಳುವ ಹೊತ್ತು ಅದು. ಹೋಗುವಾಗ ಇಡೀ ಪ್ರೋಗ್ರಾಮಿನ ಜೊತೆಗೆ ಒಂದು ಹಾಳೆಯಲ್ಲಿ `h`, `dt`, `r`, ಒಂದು ಹೆಜ್ಜೆಯ ಎರಡು ಗುಣಕಗಳು, ಒಂದೇ ಜಾಲದ ಮೇಲೆ ಮೂರು `dt`ಗಳ ಉತ್ತರಗಳು, ಮತ್ತು ನಯಗೊಳಿಸದ ಒಂದು ಚಿತ್ರ ಒಯ್ಯಿರಿ.